ಬೆಲ್ಲದ ಪಾಯಸದಲ್ಲಿ ಹಾಲು ಒಡೆಯದಂತೆ ನೋಡಿಕೊಳ್ಳುವ ಬಗೆ



ಹಬ್ಬದ ದಿನ ಬೆಳಗಿನ ಹಾಲಿನಲ್ಲಿ ಅರ್ಧ ಲೀಟರನ್ನೋ ಒಂದು ಲೀಟರನ್ನೋ ಪಾಯಸಕ್ಕೆಂದು ಮನೆಯಲ್ಲಿ ಉಳಿಸಿಕೊಂಡು ಮಿಕ್ಕಿದ್ದನ್ನು ಸಂಘಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಸಂಘದಲ್ಲಿ ಆ ಹಾಲು ಪರೀಕ್ಷೆಯಲ್ಲಿ ಸರಿ ಎಂದು ಬಂದಿರುತ್ತದೆ. ಆದರೆ ಅದೇ ಹಾಲನ್ನು ಮನೆಯಲ್ಲಿ ಕುದಿಯುವ ಬೆಲ್ಲದ ಪಾಯಸಕ್ಕೆ ಸುರಿದಾಗ ಕ್ಷಣದಲ್ಲಿ ಒಡೆದು, ಮೇಲೆ ನೀರು, ಕೆಳಗೆ ಚೂರು ಚೂರು ಗರಣೆ ಆಗಿಬಿಡುತ್ತದೆ. ಹಾಲು, ಬೇಳೆ, ಬೆಲ್ಲ, ತುಪ್ಪ ಎಲ್ಲವೂ ಒಟ್ಟಿಗೆ ಕೆಟ್ಟಂತಾಗುತ್ತದೆ. ಹಾಲು ಹಳಸಿತ್ತೇನೋ, ಹಸುವಿಗೆ ಏನಾದರೂ ತೊಂದರೆ ಇದೆಯೇನೋ ಎಂಬ ಸಂಶಯವೂ ಮನೆಯವರಿಗೆ ಬರುತ್ತದೆ.

ಬಹುಪಾಲು ಸಂದರ್ಭಗಳಲ್ಲಿ ತಪ್ಪು ಹಾಲಿನದಲ್ಲ, ಹಾಕಿದ ಕ್ರಮ ಮತ್ತು ಹಾಕಿದ ಹೊತ್ತಿನ ಬಿಸಿಯದು. ಈ ಎರಡನ್ನು ಸರಿಪಡಿಸಿಕೊಂಡರೆ ಅದೇ ಹಾಲು, ಅದೇ ಬೆಲ್ಲದಿಂದ ನುಣುಪಾದ ಪಾಯಸ ಮಾಡಬಹುದು. ಅದು ಹೇಗೆಂಬುದನ್ನು ಹೆಸರುಬೇಳೆ ಪಾಯಸವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಹಾಲು ಒಡೆಯುವುದೇಕೆ?

ಹಾಲಿನಲ್ಲಿ ಕೇಸೀನ್ ಎಂಬ ಸಸಾರಜನಕ (ಪ್ರೋಟೀನು) ಕಣ್ಣಿಗೆ ಕಾಣದ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಈ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುವುದರಿಂದ ಒಂದಕ್ಕೊಂದು ಅಂಟುವುದಿಲ್ಲ. ಹಾಲಿಗೆ ಹುಳಿ ಸೇರಿದಂತೆಲ್ಲ ಹೀಗೆ ತಳ್ಳುವ ಶಕ್ತಿ ಕಡಿಮೆಯಾಗುತ್ತ ಬಂದು, ಕೊನೆಗೆ ಕಣಗಳು ಕೂಡಿಕೊಂಡು ಗರಣೆಯಾಗುತ್ತವೆ. ಇದೇ ಹಾಲು ಒಡೆಯುವುದು.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ (ಪಿ.ಎಚ್.) ಎಂದು ಬರೆದಿರುವುದನ್ನು ನೀವು ನೋಡಿರುತ್ತೀರಿ. ಅದು 7ಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಹೆಚ್ಚು. ಆಗ ತಾನೇ ಕರೆದ ಹಾಲಿನ ರಸಸಾರ 6.6ರಿಂದ 6.8ರವರೆಗೆ ಇರುತ್ತದೆ. ಹೆಪ್ಪು ಹಾಕಿದ ಹಾಲು ಒಲೆಯ ಸಹಾಯವಿಲ್ಲದೆ ಗಟ್ಟಿ ಮೊಸರಾಗುವಾಗ ಅದು 4.6ರ ಹತ್ತಿರಕ್ಕೆ ಇಳಿದಿರುತ್ತದೆ. ಆದರೆ ಹಾಲನ್ನು ಕುದಿಸಿದರೆ ಅಷ್ಟು ಹುಳಿ ಬೇಕಾಗುವುದಿಲ್ಲ. ರಸಸಾರ 5.8ರ ಸುತ್ತಮುತ್ತ ಇದ್ದರೇ ಸಾಕು, ಕುದಿಯುವಾಗ ಹಾಲು ಒಡೆಯುತ್ತದೆ. ಬೆಳಗಿನ ಹಾಲು ಮಧ್ಯಾಹ್ನದ ಹೊತ್ತಿಗೆ ನೋಡಲು ಚೆನ್ನಾಗಿಯೇ ಇದ್ದು, ಒಲೆಯ ಮೇಲಿಟ್ಟಾಗ ಒಡೆಯುವುದು ಈ ಕಾರಣದಿಂದಲೇ. ಸಂಘದಲ್ಲಿ ಹಾಲು ಪರೀಕ್ಷಕರು ಗಾಜಿನ ನಳಿಕೆಯಲ್ಲಿ ಸ್ವಲ್ಪ ಹಾಲು ಹಾಕಿ, ಕುದಿಯುವ ನೀರಿನಲ್ಲಿಟ್ಟು, ಗರಣೆ ಕಾಣುತ್ತದೆಯೇ ಎಂದು ನೋಡುವ ಕುದಿಸಿ ನೋಡುವ ಪರೀಕ್ಷೆಯ ತತ್ತ್ವವೂ ಇದೇ ಆಗಿದೆ.

ಈಗ ಬೆಲ್ಲಕ್ಕೆ ಬರೋಣ. ಬೆಲ್ಲ ನಾಲಿಗೆಗೆ ಸಿಹಿಯಾದರೂ ಅದರಲ್ಲಿ ಹುಳಿ ಇದೆ. ಕಬ್ಬಿನ ಹಾಲಿನಲ್ಲಿಯೇ ಸ್ವಾಭಾವಿಕವಾಗಿ ಹುಳಿಯ ಅಂಶವಿರುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕಿ ಅದನ್ನು ಸ್ವಲ್ಪ ಮಟ್ಟಿಗೆ ಮುರಿಯುತ್ತಾರೆ. ಸುಣ್ಣ ಹೆಚ್ಚು ಬಿದ್ದರೆ ಹುಳಿ ಕಡಿಮೆ, ಕಡಿಮೆ ಬಿದ್ದರೆ ಹುಳಿ ಹೆಚ್ಚು. ಹಾಗಾಗಿ ಒಂದು ಅಚ್ಚಿನ ಬೆಲ್ಲದಂತೆ ಇನ್ನೊಂದು ಅಚ್ಚಿನ ಬೆಲ್ಲ ಇರುವುದಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಮೆತ್ತಗಾಗಿ ಅಂಟು ಅಂಟಾದ ಹಳೆಯ ಬೆಲ್ಲದಲ್ಲಿ ಹುಳಿ ಮತ್ತಷ್ಟು ಹೆಚ್ಚಿರುತ್ತದೆ. ಇದರ ಜೊತೆಗೆ ಬೆಲ್ಲದಲ್ಲಿ ಕ್ಯಾಲ್ಸಿಯಂ ಮುಂತಾದ ಲವಣಗಳೂ ಇವೆ. ಬಿಸಿ ಹಾಲಿನಲ್ಲಿ ಕೇಸೀನ್ ಕಣಗಳು ಒಂದಕ್ಕೊಂದು ಅಂಟಲು ಇವೂ ನೆರವಾಗುತ್ತವೆ. ಸಕ್ಕರೆಯಲ್ಲಿ ಈ ಹುಳಿಯೂ ಇಲ್ಲ, ಲವಣಗಳೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಸಕ್ಕರೆ ಹಾಕಿದ ಹಾಲುಪಾಯಸವನ್ನು ಎಷ್ಟು ಕುದಿಸಿದರೂ ಒಡೆಯುವುದಿಲ್ಲ. ಕರಾವಳಿಯ ಕಡೆ ಬೆಲ್ಲದ ಪಾಯಸಕ್ಕೆ ಹಸುವಿನ ಹಾಲಿನ ಬದಲು ಕಾಯಿಹಾಲು ಹಾಕುವ ರೂಢಿ ಇದೆ. ಕಾಯಿಹಾಲಿನಲ್ಲಿ ಕೇಸೀನ್ ಇಲ್ಲದಿರುವುದರಿಂದ ಅಲ್ಲಿ ಈ ತೊಂದರೆ ಬರುವುದಿಲ್ಲ.

ಒಟ್ಟಿನಲ್ಲಿ ಹಾಲು ಒಡೆಯಲು ಬೆಲ್ಲದ ಹುಳಿ, ಒಲೆಯ ಬಿಸಿ, ಹಾಲಿನಲ್ಲಿ ಮೊದಲೇ ಹುಟ್ಟಿಕೊಂಡ ಹುಳಿ ಈ ಮೂರೂ ಕಾರಣವಾಗುತ್ತವೆ. ಬೆಲ್ಲದ ಹುಳಿಯನ್ನು ನಾವು ಪೂರ್ತಿ ತೆಗೆಯಲಾರೆವು. ಆದರೆ ಉಳಿದ ಎರಡು ನಮ್ಮ ಕೈಯಲ್ಲಿವೆ. ಹಾಲು ಹೊಸದಾಗಿರಬೇಕು ಮತ್ತು ಬೆಲ್ಲ, ಹಾಲು ಸೇರುವಾಗ ಕುದಿಯುವ ಬಿಸಿ ಇರಬಾರದು.

ಹಾಲಿನ ಆಯ್ಕೆ

ಪಾಯಸಕ್ಕೆ ಇಟ್ಟುಕೊಳ್ಳುವ ಹಾಲನ್ನು ಕರೆದ ಕೂಡಲೇ ಸೋಸಿ ಕಾಯಿಸಿಬಿಡಿ. ಹಸಿ ಹಾಲನ್ನು ಹಾಗೆಯೇ ಇಟ್ಟು, ಅಡುಗೆಯ ಹೊತ್ತಿಗೆ ಕಾಯಿಸಿಕೊಳ್ಳೋಣ ಎಂದರೆ ಅಷ್ಟರಲ್ಲಿ ಅದರಲ್ಲಿ ಹುಳಿ ಬೆಳೆಯುತ್ತಿರುತ್ತದೆ. ಬೇಸಿಗೆಯಲ್ಲಂತೂ ಎರಡು ಮೂರು ಗಂಟೆಗಳಲ್ಲೇ ವ್ಯತ್ಯಾಸವಾಗುತ್ತದೆ. ಒಂದು ಉಕ್ಕು ಬಂದ ಮೇಲೆ ಉರಿ ತಗ್ಗಿಸಿ ಎರಡು ಮೂರು ನಿಮಿಷ ಕಾಯಿಸಿ, ಮುಚ್ಚಿ, ತಣ್ಣೀರು ತುಂಬಿದ ಅಗಲ ಪಾತ್ರೆಯಲ್ಲಿಟ್ಟು ಆರಿಸಿ.

ಈ ಕ್ರಮದಲ್ಲಿ ಹಾಲು ಬೆರೆತ ಮೇಲೆ ಪಾಯಸವನ್ನು ಕುದಿಸುವುದಿಲ್ಲ. ಆದ್ದರಿಂದ ಹಸಿ ಹಾಲನ್ನು ಪಾಯಸಕ್ಕೆ ಎಂದೂ ಬೆರೆಸಬೇಡಿ. ಕಂದು ರೋಗ (ಬ್ರುಸೆಲ್ಲೋಸಿಸ್), ಕ್ಷಯ ಮುಂತಾದವು ಹಸಿ ಹಾಲಿನಿಂದ ಮನುಷ್ಯರಿಗೆ ಹರಡಬಲ್ಲವು. ಮೊದಲೇ ಚೆನ್ನಾಗಿ ಕಾಯಿಸಿದ ಹಾಲಾದರೆ ಆ ಭಯವಿಲ್ಲ.

ಕರು ಹಾಕಿ ನಾಲ್ಕೈದು ದಿನವಾಗದ ಹಸುವಿನ ಹಾಲು ಪಾಯಸಕ್ಕೆ ಬರುವುದಿಲ್ಲ. ಗಿಣ್ಣು ಹಾಲು ಬೆಲ್ಲವಿಲ್ಲದೆಯೂ ಬಿಸಿಗೇ ಗಟ್ಟಿಯಾಗುತ್ತದೆ. ಹಾಗೆಯೇ ಕೆಚ್ಚಲು ಬಾವು ಇರುವ ಹಸುವಿನ ಹಾಲಿನಲ್ಲಿ ಲವಣಗಳ ಪ್ರಮಾಣ ಏರುಪೇರಾಗಿರುವುದರಿಂದ ಅದು ಬಿಸಿಯನ್ನು ತಾಳುವುದಿಲ್ಲ. ಈ ಎರಡು ಬಗೆಯ ಹಾಲನ್ನು ಸಂಘಕ್ಕೂ ಹಾಕಬಾರದೆಂಬುದು ನಿಮಗೆ ತಿಳಿದೇ ಇದೆ.

ಪಾತ್ರೆಯ ಕಡೆಗೂ ಗಮನವಿರಲಿ. ಹುಣಸೆಹಣ್ಣು ಹಾಕಿ ಉಜ್ಜಿದ ಪಾತ್ರೆಯನ್ನು ಸರಿಯಾಗಿ ತೊಳೆಯದಿದ್ದರೆ, ಇಲ್ಲವೇ ಮಜ್ಜಿಗೆಗೆ ಹಾಕಿದ ಸೌಟನ್ನೇ ಹಾಲಿಗೆ ಹಾಕಿದರೆ, ಅಷ್ಟು ಹುಳಿಯೂ ಬೆಲ್ಲದ ಹುಳಿಯ ಜೊತೆಗೆ ಸೇರುತ್ತದೆ.

ಮೊದಲು ಒಂದು ಸಣ್ಣ ಪರೀಕ್ಷೆ

ಹೊಸ ಅಂಗಡಿಯಿಂದ ಬೆಲ್ಲ ತಂದಿದ್ದರೆ ಅಥವಾ ಬೆಲ್ಲ ಹಳೆಯದಾಗಿದ್ದರೆ ಪಾಯಸಕ್ಕೆ ಇಡುವ ಮೊದಲು ಪರೀಕ್ಷಿಸಿ ನೋಡಿ. ಎರಡು ಚಮಚ ಬೆಲ್ಲದ ಪುಡಿಗೆ ಎರಡು ಚಮಚ ಬಿಸಿನೀರು ಹಾಕಿ ಕರಗಿಸಿ. ಒಂದು ಸೌಟಿನಲ್ಲಿ ನಾಲ್ಕು ಚಮಚ ಕಾಯಿಸಿದ ಹಾಲು ಹಾಕಿ, ಅದಕ್ಕೆ ಈ ಬೆಲ್ಲದ ನೀರನ್ನು ಸೇರಿಸಿ, ಒಲೆಯ ಮೇಲೆ ಹಿಡಿದು ಕುದಿ ಬರಿಸಿ. ನಂತರ ಸೌಟನ್ನು ವಾಲಿಸಿ ಅದರ ಒಳಮೈ ನೋಡಿ.

ಹಾಲು ನುಣ್ಣಗೆ ಹರಿದರೆ ಆ ಬೆಲ್ಲದಲ್ಲಿ ಹುಳಿ ಕಡಿಮೆ ಎಂದು ತಿಳಿಯಬಹುದು. ಸಣ್ಣ ಬಿಳಿ ಕಾಳುಗಳು ಅಂಟಿಕೊಂಡಿದ್ದರೆ ಅಥವಾ ತಿಳಿ ನೀರು ಬೇರೆಯಾದರೆ ಆ ಬೆಲ್ಲದೊಂದಿಗೆ ಹಾಲನ್ನು ಕುದಿಸುವಂತಿಲ್ಲ. ಹಾಗೆಂದು ಆ ಬೆಲ್ಲವನ್ನು ಎಸೆಯಬೇಕಾಗಿಲ್ಲ. ಮುಂದೆ ಹೇಳಿರುವ ಕ್ರಮದಲ್ಲಿ ಆರಿಸಿ ಬೆರೆಸಿದರೆ ಸಾಮಾನ್ಯವಾಗಿ ಅದರಿಂದಲೂ ಒಳ್ಳೆಯ ಪಾಯಸವಾಗುತ್ತದೆ. ಬೆಲ್ಲದ ಬಣ್ಣ ನೋಡಿ ಮಾತ್ರ ತೀರ್ಮಾನಿಸಬೇಡಿ. ಕಪ್ಪು ಬೆಲ್ಲವೆಲ್ಲ ಹಾಲು ಒಡೆಸುತ್ತದೆ, ಬಿಳುಪು ಬೆಲ್ಲವೆಲ್ಲ ಒಡೆಸುವುದಿಲ್ಲ ಎಂಬ ನಿಯಮವಿಲ್ಲ.

ಹೆಸರುಬೇಳೆ ಪಾಯಸ: ಅಳತೆ ಮತ್ತು ಕ್ರಮ

ಆರು ಜನರಿಗೆ ಬೇಕಾಗುವ ಸಾಮಾನು ಹೀಗಿದೆ: ಹೆಸರುಬೇಳೆ 200 ಗ್ರಾಂ, ಬೆಲ್ಲ 250 ಗ್ರಾಂ, ಹಾಲು ಅರ್ಧ ಲೀಟರ್, ತುಪ್ಪ ಮೂರು ಚಮಚ, ಏಲಕ್ಕಿ ನಾಲ್ಕು, ತೆಂಗಿನಕಾಯಿ ತುರಿ ಒಂದು ಹಿಡಿ, ಗೋಡಂಬಿ ಮತ್ತು ದ್ರಾಕ್ಷಿ ಸ್ವಲ್ಪ.

ಮೊದಲು ಹಾಲನ್ನು ಕಾಯಿಸಿ ಆರಲು ಇಡಿ. ಎಲ್ಲಕ್ಕಿಂತ ಕೊನೆಯಲ್ಲಿ ಬೆರೆಸುವ ಹಾಲನ್ನು ಎಲ್ಲಕ್ಕಿಂತ ಮೊದಲು ಸಿದ್ಧ ಮಾಡಿಕೊಳ್ಳಬೇಕು. ಆಗ ಅದು ಆರುವುದಕ್ಕೆ ಸಮಯ ಸಿಗುತ್ತದೆ.

ಬಾಣಲೆಯಲ್ಲಿ ಒಂದು ಚಮಚ ತುಪ್ಪ ಹಾಕಿ ಬೇಳೆಯನ್ನು ಘಮ್ಮೆನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ನಂತರ ಸುಮಾರು ಮುಕ್ಕಾಲು ಲೀಟರ್ ನೀರು ಹಾಕಿ ಬೇಯಲು ಇಡಿ. ಬೇಳೆಯನ್ನು ಬೇಯಿಸಬೇಕಾದ್ದು ನೀರಿನಲ್ಲಿ, ಹಾಲಿನಲ್ಲಲ್ಲ. ಬೆರಳಿನಲ್ಲಿ ಒತ್ತಿದರೆ ಬೆಣ್ಣೆಯಂತೆ ನುರಿಯುವಷ್ಟು ಬೇಳೆ ಬೆಂದಿರಬೇಕು. ಬೆಲ್ಲ ಬಿದ್ದ ಮೇಲೆ ಬೇಳೆ ಮತ್ತೆ ಮೆತ್ತಗಾಗುವುದಿಲ್ಲ. ಅರೆಬೆಂದ ಬೇಳೆಗೆ ಬೆಲ್ಲ ಹಾಕಿದವರು ಅದನ್ನು ಬೇಯಿಸಲೆಂದು ಹೆಚ್ಚು ಹೊತ್ತು ಕುದಿಸುತ್ತಾರೆ, ಬೇಯದಿದ್ದಾಗ ಹಾಲು ಸುರಿದು ಮತ್ತೂ ಕುದಿಸುತ್ತಾರೆ. ಹಾಲು ಒಡೆಯುವುದು ಹೆಚ್ಚಾಗಿ ಇಂಥಲ್ಲಿಯೇ.

ಬೇಳೆ ಬೇಯುತ್ತಿರುವಾಗ ಇನ್ನೊಂದು ಪಾತ್ರೆಯಲ್ಲಿ ಬೆಲ್ಲವನ್ನು ಕುಟ್ಟಿ ಹಾಕಿ, ಒಂದು ಸಣ್ಣ ಲೋಟ ನೀರು ಸೇರಿಸಿ ಕರಗಿಸಿ. ಪಾಕ ಬರಿಸಬೇಕಾಗಿಲ್ಲ, ಪೂರ್ತಿ ಕರಗಿ ಒಂದು ಕುದಿ ಬಂದರೆ ಸಾಕು. ಇದನ್ನು ತೆಳು ಬಟ್ಟೆಯಲ್ಲಿ ಸೋಸಿದರೆ ಮರಳು, ಕಬ್ಬಿನ ಸಿಪ್ಪೆ, ಕಸ ಎಲ್ಲ ಹೋಗುತ್ತದೆ. ಸೋಸಿದ ಬೆಲ್ಲದ ನೀರನ್ನು ಬೆಂದ ಬೇಳೆಗೆ ಹಾಕಿ, ಐದಾರು ನಿಮಿಷ ಕುದಿಸಿ. ಬೆಲ್ಲ ಬೇಳೆಗೆ ಹಿಡಿಯಬೇಕಾದ್ದು, ಹಸಿ ವಾಸನೆ ಹೋಗಬೇಕಾದ್ದು ಈ ಹಂತದಲ್ಲಿಯೇ. ಕಾಯಿತುರಿ, ತುಪ್ಪದಲ್ಲಿ ಹುರಿದ ಗೋಡಂಬಿ ಮತ್ತು ದ್ರಾಕ್ಷಿ, ಏಲಕ್ಕಿ ಪುಡಿ ಇವನ್ನೂ ಈಗಲೇ ಹಾಕಿ. ಕುದಿಸುವ ಕೆಲಸವೆಲ್ಲ ಹಾಲು ಬರುವುದಕ್ಕೆ ಮೊದಲೇ ಮುಗಿಯಬೇಕು ಎಂಬುದನ್ನು ನೆನಪಿಡಿ.

ಈಗ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ. ಈ ಹೊತ್ತಿನಲ್ಲಿ ಬೇಳೆ ಬೆಲ್ಲದ ಮಿಶ್ರಣ ಸುಮಾರು 100 ಡಿಗ್ರಿ ಸೆಲ್ಷಿಯಸ್ ಬಿಸಿ ಇರುತ್ತದೆ. ಅದು 60 ಡಿಗ್ರಿಗಿಂತ ಕೆಳಗೆ ಇಳಿಯಬೇಕು, 50ರ ಹತ್ತಿರಕ್ಕೆ ಬಂದರೆ ಇನ್ನೂ ಒಳ್ಳೆಯದು. ಬೇಳೆಯ ಪಾಯಸ ಗಟ್ಟಿಯಾಗಿರುವುದರಿಂದ ನೀರಿನಷ್ಟು ಬೇಗ ಆರುವುದಿಲ್ಲ. ತಳದಲ್ಲಿಯೂ ನಡುವಿನಲ್ಲಿಯೂ ಬಿಸಿ ಅಡಗಿರುತ್ತದೆ. ಆಗಾಗ ತಳದಿಂದ ಮೇಲಕ್ಕೆ ಕಲಕುತ್ತ ಅರ್ಧ ಗಂಟೆಯವರೆಗೆ ಬಿಡಿ. ಅವಸರವಿದ್ದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕಲಕಿದರೆ ಹತ್ತು ನಿಮಿಷದಲ್ಲಿ ಆಗುತ್ತದೆ.

ಮನೆಯಲ್ಲಿ ಉಷ್ಣಮಾಪಕ ಇರುವುದಿಲ್ಲವಾದ್ದರಿಂದ ಕೈಯಲ್ಲೇ ತಿಳಿದುಕೊಳ್ಳಬೇಕು. ಪಾಯಸವನ್ನು ಚೆನ್ನಾಗಿ ಕಲಕಿ, ಪಾತ್ರೆಯ ಹೊರಮೈಗೆ ಅಂಗೈ ಇಟ್ಟು ನೋಡಿ. ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುವಂತಿದ್ದರೆ ಇನ್ನೂ ಆರಬೇಕು. ಮೂರು ನಾಲ್ಕು ಎಣಿಸುವಷ್ಟು ಹೊತ್ತು ಕೈ ತಾಳಿದರೆ ಸರಿಯಾದ ಹದ. ಕಲಕದೆ ಮುಟ್ಟಿ ನೋಡಬೇಡಿ. ಅಂಚು ಆರಿದ್ದರೂ ಒಳಗೆ ಸುಡುಬಿಸಿ ಇರಬಹುದು.

ಕಾಯಿಸಿ ಆರಿಸಿದ ಹಾಲು ಉಗುರುಬೆಚ್ಚಗೆ ಇರಲಿ. ಮೊದಲು ಒಂದು ಸೌಟು ಹಾಲನ್ನು ಪಾಯಸಕ್ಕೆ ಹಾಕಿ ಚೆನ್ನಾಗಿ ಕಲಸಿ. ಅರ್ಧ ನಿಮಿಷ ನೋಡಿ. ನುಣ್ಣಗೆ ಬೆರೆತಿದ್ದರೆ ಉಳಿದ ಹಾಲನ್ನು ಸಣ್ಣ ಧಾರೆಯಾಗಿ ಸುರಿಯುತ್ತ, ಒಂದೇ ಸಮನೆ ಕಲಕುತ್ತ ಬೆರೆಸಿ. ಮೊದಲ ಸೌಟಿನಲ್ಲಿ ಬಿಳಿ ಕಾಳು ಕಂಡರೆ ಅಲ್ಲಿಗೇ ನಿಲ್ಲಿಸಿ, ಪಾಯಸವನ್ನು ಪೂರ್ತಿ ಆರಲು ಬಿಡಿ. ಉಳಿದ ಹಾಲಾದರೂ ಉಳಿಯುತ್ತದೆ.

ಹಾಲು ಬೆರೆತ ಮೇಲೆ ಪಾಯಸ ತಿನ್ನಲು ತಕ್ಕಷ್ಟು ಬೆಚ್ಚಗೇ ಇರುತ್ತದೆ. ಇನ್ನೂ ಬಿಸಿ ಬೇಕೆಂದಾದರೆ ನೇರವಾಗಿ ಒಲೆಯ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಹಾಕಿ, ಅದರೊಳಗೆ ಪಾಯಸದ ಪಾತ್ರೆಯನ್ನಿಟ್ಟು ಕಲಕುತ್ತ ಬಿಸಿ ಮಾಡಿ. ತೆಳುವಾಗಿ ಆವಿ ಆಡುವಷ್ಟು ಸಾಕು, ಗುಳ್ಳೆ ಏಳಬಾರದು.

ಹಾಲಿನಲ್ಲಿಯೇ ಬೇಯಿಸುವ ಪಾಯಸಗಳು

ಅಕ್ಕಿ ಅಥವಾ ಶಾವಿಗೆಯನ್ನು ಹಾಲಿನಲ್ಲಿಯೇ ಬೇಯಿಸುವ ಮನೆಗಳಲ್ಲಿ ಕ್ರಮ ತಿರುಗುಮುರುಗಾಗುತ್ತದೆ. ಅಲ್ಲಿ ಹಾಲು ಮೊದಲು, ಬೆಲ್ಲ ಕೊನೆಗೆ. ಆದರೆ ಬಿಸಿಯ ನಿಯಮ ಅದೇ. ಅಕ್ಕಿ ಪೂರ್ತಿ ಬೆಂದ ಮೇಲೆ ಇಳಿಸಿ, ಕೈ ತಾಳುವಷ್ಟು ಆರಿಸಿ, ಕರಗಿಸಿ ಸೋಸಿ ಆರಿಸಿದ ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು. ಬೆಲ್ಲದ ಅಚ್ಚನ್ನು ಒಡೆದು ನೇರವಾಗಿ ಬಿಸಿ ಹಾಲಿಗೆ ಹಾಕಿದರೆ, ಉಂಡೆ ಕರಗುವ ಜಾಗದಲ್ಲಿ ಹುಳಿಯೆಲ್ಲ ಒಂದೇ ಕಡೆ ಸೇರಿ ಅಲ್ಲಿಂದಲೇ ಒಡೆಯಲು ಶುರುವಾಗುತ್ತದೆ.

ಇನ್ನೊಂದು ವಿಷಯ. ಹಾಲು ಬತ್ತಿ ಗಟ್ಟಿಯಾದಷ್ಟೂ ಅದರಲ್ಲಿನ ಕಣಗಳು ಹತ್ತಿರವಾಗಿ, ಒಡೆಯುವ ಸಂಭವ ಹೆಚ್ಚುತ್ತದೆ. ಹಾಲನ್ನು ಅರ್ಧಕ್ಕೆ ಇಳಿಸಿ ಮಾಡುವ ಪಾಯಸಕ್ಕೆ ಬೆಲ್ಲಕ್ಕಿಂತ ಸಕ್ಕರೆಯೇ ಲೇಸು. ಬೆಲ್ಲವೇ ಬೇಕೆಂದಿದ್ದರೆ ಹಾಲನ್ನು ಹೆಚ್ಚು ಬತ್ತಿಸದೆ, ನೆನೆಸಿದ ಅಕ್ಕಿಯನ್ನು ಎರಡು ಚಮಚದಷ್ಟು ರುಬ್ಬಿ ಹಾಲು ಕುದಿಯುವಾಗಲೇ ಹಾಕಿ ಬೇಯಿಸಿ. ಪಾಯಸಕ್ಕೆ ಮಂದತನ ಬರುತ್ತದೆ, ಅಕ್ಕಿಯ ಗಂಜಿಯ ಅಂಶ ಗರಣೆ ಕಟ್ಟುವುದನ್ನೂ ಸ್ವಲ್ಪ ತಡೆಯುತ್ತದೆ.

ಅಡುಗೆ ಸೋಡಾ ಹಾಕಬಹುದೇ?

ಬೆಲ್ಲದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹುಳಿ ಮುರಿದು ಹಾಲು ಒಡೆಯುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ. ಮೇಲೆ ಹೇಳಿದ ಸೌಟಿನ ಪರೀಕ್ಷೆಯಲ್ಲಿ ತೀರ ಕೆಟ್ಟದಾಗಿ ಒಡೆದ ಬೆಲ್ಲಕ್ಕೆ, 250 ಗ್ರಾಂಗೆ ಎರಡು ಬೆರಳಿನ ತುದಿಯಲ್ಲಿ ಹಿಡಿಯುವಷ್ಟು ಸೋಡಾವನ್ನು ಬೆಲ್ಲದ ನೀರು ಕುದಿಯುವಾಗ ಹಾಕಬಹುದು. ನೊರೆ ಎದ್ದು ಅಡಗಿದ ಮೇಲೆ ಮುಂದಿನ ಕೆಲಸ ಮಾಡಬೇಕು. ಪ್ರಮಾಣ ಹೆಚ್ಚಾದರೆ ಪಾಯಸ ಕಪ್ಪಾಗಿ, ಬಾಯಿಗೆ ಸಾಬೂನಿನ ರುಚಿ ಬರುತ್ತದೆ. ಹೊಸ ಹಾಲನ್ನು ಆರಿಸಿ ಬೆರೆಸುವವರಿಗೆ ಇದರ ಅಗತ್ಯ ಅಪರೂಪ.

ಈ ಸೋಡಾದ ಮಾತು ಪಾಯಸದ ಪಾತ್ರೆಗೆ ಮಾತ್ರ ಸಂಬಂಧಿಸಿದ್ದು. ಸಂಘಕ್ಕೆ ಹಾಕುವ ಹಾಲಿಗೆ ಹುಳಿ ಮರೆಮಾಚಲೆಂದು ಸೋಡಾ ಬೆರೆಸುವುದು ಕಲಬೆರಕೆ. ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಅಂಥ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿ ಗೊತ್ತಾಗುತ್ತದೆ.

ಒಡೆದೇ ಹೋದರೆ

ಪಾಯಸ ಒಡೆಯಲು ತೊಡಗಿದ್ದನ್ನು ಸೌಟಿನ ಬೆನ್ನಿನಲ್ಲಿ ಗುರುತಿಸಬಹುದು. ಸಣ್ಣ ಬಿಳಿ ಕಾಳುಗಳು ಅಂಟಿರುತ್ತವೆ, ಪಾತ್ರೆಯ ಅಂಚಿನಲ್ಲಿ ತಿಳಿ ನೀರು ಬೇರೆಯಾಗಿರುತ್ತದೆ. ಬೇಳೆಯ ಚೂರನ್ನು ಗರಣೆ ಎಂದು ತಿಳಿದು ಗಾಬರಿಯಾಗಬೇಡಿ. ಬೆರಳಿನಲ್ಲಿ ತಿಕ್ಕಿದರೆ ಬೇಳೆ ಹಿಟ್ಟಿನಂತೆ ನುರಿಯುತ್ತದೆ, ಗರಣೆಯಾದರೆ ರಬ್ಬರಿನಂತೆ ಜಾರುತ್ತದೆ. ಮೇಲೆ ತೇಲುವ ತುಪ್ಪವೂ ಒಡೆದ ಗುರುತಲ್ಲ.

ಒಡೆದ ಹಾಲು ಮತ್ತೆ ಕೂಡುವುದಿಲ್ಲ. ಕೂಡಲೇ ಒಲೆಯಿಂದ ಇಳಿಸಿದರೆ ಕಾಳು ದೊಡ್ಡದಾಗುವುದು ನಿಲ್ಲುತ್ತದೆ. ಹಾಲು ಹೊಸದಾಗಿದ್ದು ಬೆಲ್ಲದಿಂದ ಮಾತ್ರ ಒಡೆದಿದ್ದರೆ ಆ ಪಾಯಸ ತಿನ್ನಲು ಯೋಗ್ಯವೇ ಆಗಿರುತ್ತದೆ, ನೋಟ ಮಾತ್ರ ಕೆಟ್ಟಿರುತ್ತದೆ. ಕಡೆಗೋಲಿನಿಂದ ಚೆನ್ನಾಗಿ ಕಡೆದು, ನುಣ್ಣಗೆ ರುಬ್ಬಿದ ಕಾಯಿ ಅಥವಾ ಗೋಡಂಬಿಯನ್ನು ಸೇರಿಸಿದರೆ ಕಾಳು ಅಷ್ಟಾಗಿ ಕಾಣುವುದಿಲ್ಲ. ಹುಳಿ ವಾಸನೆ ಬಂದಿದ್ದರೆ ಮಾತ್ರ ಹಾಲು ಮೊದಲೇ ಕೆಟ್ಟಿತ್ತೆಂದು ತಿಳಿದು ಅದನ್ನು ಬಳಸಬೇಡಿ.

ಹೆಚ್ಚು ಜನರಿಗೆ ಮಾಡುವಾಗ

ಮದುವೆ, ಗೃಹಪ್ರವೇಶಗಳಲ್ಲಿ ಪಾಯಸ ಮಾಡಿ ಹಲವು ಪಂಕ್ತಿಗಳಿಗೆ ಬಡಿಸಬೇಕಾಗುತ್ತದೆ. ಕೊಪ್ಪರಿಗೆಯಲ್ಲಿ ಹಾಲು ಬೆರೆಸಿಟ್ಟು, ಪಂಕ್ತಿಗೊಮ್ಮೆ ಬಿಸಿ ಮಾಡುತ್ತ ಹೋದರೆ ಎರಡನೆಯ ಅಥವಾ ಮೂರನೆಯ ಪಂಕ್ತಿಗೆ ಒಡೆಯುವುದು ಬಹುತೇಕ ಖಚಿತ. ಹೊತ್ತು ಕಳೆದಂತೆ ಹಾಲಿನ ಹುಳಿಯೂ ಹೆಚ್ಚುತ್ತ, ಬಿಸಿಯೂ ಮತ್ತೆ ಮತ್ತೆ ತಾಗುತ್ತಿರುತ್ತದೆ. ಅದಕ್ಕೆ ಬದಲಾಗಿ ಬೇಳೆ ಬೆಲ್ಲದ ಪಾಯಸವನ್ನು ಹಾಲು ಹಾಕದೆ ಗಟ್ಟಿಯಾಗಿ ಮಾಡಿಟ್ಟುಕೊಳ್ಳಿ. ಇದನ್ನು ಎಷ್ಟು ಸಲ ಬೇಕಾದರೂ ಕುದಿಸಬಹುದು. ಪ್ರತಿ ಪಂಕ್ತಿಗೆ ಬೇಕಾದಷ್ಟನ್ನು ಬಕೆಟ್ಟಿಗೆ ತೆಗೆದು, ಕೈ ತಾಳುವಷ್ಟು ಆರಿಸಿ, ಬೆಚ್ಚಗಿನ ಹಾಲು ಬೆರೆಸಿ ಬಡಿಸಿ. ಎರಡು ಪಾಲು ಗಟ್ಟಿ ಪಾಯಸಕ್ಕೆ ಒಂದು ಪಾಲು ಹಾಲು ಸರಿಯಾಗುತ್ತದೆ. ಉಳಿದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಅದಕ್ಕೆ ಹೆಪ್ಪು ಹಾಕಿದರೆ ಮರುದಿನಕ್ಕೆ ಮೊಸರಾಗುತ್ತದೆ.

ಮನೆಯಲ್ಲಿಯೂ ರಾತ್ರಿಗೆಂದು ಸ್ವಲ್ಪ ಪಾಯಸ ಎತ್ತಿಡುವವರು ಹಾಲು ಬೆರೆಸುವ ಮೊದಲೇ ಎತ್ತಿಟ್ಟು, ಊಟದ ಹೊತ್ತಿಗೆ ಕುದಿಸಿ ಆರಿಸಿ ಹಾಲು ಸೇರಿಸಿಕೊಳ್ಳಬಹುದು. ಹಾಲು ಬೆರೆತ ಪಾಯಸವನ್ನು ಫ್ರಿಜ್ಜಿನಲ್ಲಿ ಇಡಲು ಅನುಕೂಲವಿಲ್ಲದಿದ್ದರೆ ಅದೇ ಹೊತ್ತಿನ ಊಟಕ್ಕೆ ಮುಗಿಸಿಬಿಡಿ.